ಹತ್ತು ಅಡಿ ಹಾಲ್, ಏಳು ಅಡಿ ದೂರ

ಕಾಲೇಜಿನ ಹಿಂದಿನ ಬೀದಿಯ ಒಂದು ಪುಟ್ಟ ಮನೇಲಿ ನಾವು ನಾಲ್ವರು ಬಾಡಿಗೆಗೆ ಇದ್ದೀವಿ. ಹೋದ ಸೆಮಿಸ್ಟರ್‌ನಲ್ಲಿ ಮನೆ ಖಾಲಿ ಮಾಡ್ತಿದ್ದ ಸೀನಿಯರ್ ಒಬ್ಬರು ತಮ್ಮ 50 ಇಂಚಿನ ಫುಲ್ ಎಚ್‌ಡಿ ಟಿವಿ ಕಮ್ಮಿ ಬೆಲೆಗೆ ಕೊಡ್ತೀನಿ ಅಂದ್ರು. ನಮ್ಮಲ್ಲೊಬ್ಬ ಒಪ್ಪಲಿಲ್ಲ. "ಹಾಲ್ ಹತ್ತು ಅಡಿ ಇದೆ ಮಗಾ, 75 ಇಂಚೇ ಬೇಕು. ಅದೂ 4ಕೆ ಆಗಿರಬೇಕು. ಸಾಲ ಮಾಡಿಯಾದ್ರೂ ಹೊಸದು ತಗೊಳ್ಳೋಣ" ಅಂತ ಹಟ ಹಿಡಿದ.

ಅವನ ಲೆಕ್ಕ ತಪ್ಪೇನಲ್ಲ. ಪರದೆಯ ಅಗಲ ನಮ್ಮ ಕಣ್ಣಿಗೆ ಸುಮಾರು 30 ಡಿಗ್ರಿ ಕೋನ ತುಂಬಿದರೆ ನೋಡೋಕೆ ಹಿತ ಅನ್ನೋದು ರೂಢಿಯಲ್ಲಿರುವ ಅಳತೆ. 16:9 ಪರದೆಗೆ ಅದನ್ನು ಬಿಡಿಸಿದರೆ, ಕೂರುವ ದೂರವನ್ನು 1.63ರಿಂದ ಭಾಗಿಸಿದಾಗ ಬರೋದೇ ಟಿವಿಯ ಇಂಚು, ಅಂದ್ರೆ ಮೂಲೆಯಿಂದ ಮೂಲೆಗಿನ ಅಳತೆ. ಹತ್ತು ಅಡಿ ಅಂದ್ರೆ 120 ಇಂಚು. ಭಾಗಿಸಿದರೆ ಸುಮಾರು 74.

ತಪ್ಪಿದ್ದು ಆ ಹತ್ತು ಅಡಿಯಲ್ಲಿ. ಅದು ಗೋಡೆಯಿಂದ ಗೋಡೆಗೆ. ನಾವು ಟೇಪ್ ಹಿಡಿದು ಮತ್ತೆ ಅಳೆದೆವು. ಮಂಚದ ಮೇಲೆ ದಿಂಬಿಗೆ ಒರಗಿ ಕೂತರೆ ಕಣ್ಣು ಗೋಡೆಯಿಂದ ಎರಡು ಅಡಿ ಮುಂದೆ ಬರುತ್ತೆ. ಎದುರಿಗೆ ಮೇಜಿನ ಮೇಲಿಡೋ ಟಿವಿ ಇನ್ನೊಂದು ಅಡಿ ತಿನ್ನುತ್ತೆ. ಉಳಿದಿದ್ದು ಏಳೇ ಅಡಿ, 84 ಇಂಚು. ಉತ್ತರ 51.5ಕ್ಕೆ ಇಳಿಯಿತು.

ಇನ್ನು 4ಕೆ ಜಗಳ. ಸಾಮಾನ್ಯ ದೃಷ್ಟಿಯ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದವರೆಗೆ ಮಾತ್ರ ಎರಡು ಚುಕ್ಕೆಗಳನ್ನು ಬೇರೆ ಬೇರೆಯಾಗಿ ಕಾಣುತ್ತೆ. ಏಳು ಅಡಿಯಲ್ಲಿ ಅದು ಸುಮಾರು 0.62 ಮಿಲಿಮೀಟರ್. ಆ ಸೀನಿಯರ್ ಟಿವಿಯ ಅಗಲ ಸುಮಾರು 1,107 ಮಿಲಿಮೀಟರ್; ಅದನ್ನು 1,920 ಪಿಕ್ಸೆಲ್‌ಗೆ ಹಂಚಿದರೆ ಒಂದೊಂದೂ 0.58. ಅಂದ್ರೆ ಮಂಚದ ಮೇಲಿಂದ ಪಿಕ್ಸೆಲ್ ಬಿಡಿಬಿಡಿಯಾಗಿ ಕಾಣಲ್ಲ. ಆದರೆ ಅಂತರ ತೀರಾ ಕಮ್ಮಿ. ದೃಷ್ಟಿ ಚುರುಕಾಗಿರೋರಿಗೆ 4ಕೆ ಸ್ವಲ್ಪ ಚೊಕ್ಕವಾಗಿ ಕಾಣಬಹುದು. ನೆಲದ ಮೇಲೆ ಐದು ಅಡಿಯಲ್ಲಿ ಕೂತರಂತೂ ಕಣ್ಣಿನ ಮಿತಿಯೇ 0.44ಕ್ಕೆ ಇಳಿಯುತ್ತೆ, ಅಕ್ಷರದ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತೆ.

ಆದರೂ ಹಟಮಾರಿಗೆ ಸಮಾಧಾನ ಇಲ್ಲ. ಹಳೇ ಪೇಪರ್ ಅಂಟಿಸಿ ಎರಡು ಆಯತ ಮಾಡಿದೆವು: 50ಕ್ಕೆ 44 ಇಂಚು ಅಗಲ, 25 ಎತ್ತರ, 75ಕ್ಕೆ 65 ಅಗಲ, 37 ಎತ್ತರ. ದೊಡ್ಡದನ್ನು ಗೋಡೆಗೆ ಹಚ್ಚಿದರೆ ಬಾಗಿಲಿನ ಚೌಕಟ್ಟನ್ನೇ ದಾಟಿತು. ಕ್ರಿಕೆಟ್ ಸ್ಕೋರ್ ಬರೋ ಮೂಲೆ ನೋಡೋಕೆ ಪ್ರತಿ ಸಲ ಕತ್ತು ತಿರುಗಿಸಬೇಕಾಯ್ತು. ಚಿಕ್ಕದರಲ್ಲಿ ಕಣ್ಣು ಹೊರಳಿಸಿದರೆ ಸಾಕಿತ್ತು. ಅವನೂ ಐದು ನಿಮಿಷ ಕೂತು ನೋಡಿ, "ಆಯ್ತು ಬಿಡ್ರೋ" ಅಂದ.

ಸಾಲ ತಪ್ಪಿತು. ಟಿವಿ ಬಂದ ಮೇಲೆ ನಮ್ಮಲ್ಲಿ ಒಂದೇ ನಿಯಮ: ಮ್ಯಾಚ್ ದಿನ ನಾಲ್ವರೂ ಮಂಚದ ಮೇಲೇ. ನೆಲಕ್ಕೆ ಇಳಿದವನು ಪಿಕ್ಸೆಲ್ ಬಗ್ಗೆ ಗೊಣಗೋ ಹಾಗಿಲ್ಲ.