ಇಪ್ಪತ್ತೇಳು ಕಂಪಾಸ್ ಬಾಕ್ಸು

ಅಂಗಡಿ ಮುಚ್ಚುವ ಮುನ್ನಾದಿನ ರಾತ್ರಿ ಒಬ್ಬ ಅಂಗಡಿಕಾರ ಒಳಗಿನ ಪ್ರತಿಯೊಂದು ಸಾಮಾನನ್ನೂ ಎಣಿಸುತ್ತಾನೆ. ಇಷ್ಟನ್ನೇ ಇಟ್ಟುಕೊಂಡು ಒಂದು ಸಣ್ಣಕತೆ ಬರೆಯಬೇಕೆಂದು ಎರಡು ವರ್ಷದಿಂದ ಒದ್ದಾಡುತ್ತಿದ್ದೇನೆ. ಮೊದಲ ಕರಡಿನಲ್ಲಿ ನನ್ನ ಅಂಗಡಿಕಾರ ಪ್ರತಿ ಸಾಮಾನನ್ನೂ ಮುಟ್ಟಿ ಹಳೆಯದನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಿದ್ದ. ಕತೆಗೆ ಬಿಸಿ ಸಾಲದೆನಿಸಿ ಎರಡನೆಯ ಕರಡಿನಲ್ಲಿ ಕಳ್ಳತನವೊಂದನ್ನು ತಂದೆ. ಎಣಿಕೆಯಲ್ಲಿ ಸಾಮಾನು ಕಡಿಮೆ ಬೀಳುತ್ತದೆ, ಕದ್ದವನು ಅಂಗಡಿಯ ಆಳು. ಆಮೇಲೆ ಅಂಥದೇ ಒಂದು ರಾತ್ರಿ ನಿಜವಾಗಿ ಕೂತು ಎಣಿಸುವ ಕೆಲಸ ಬಂತು.

ಧಾರವಾಡದ ಸುಭಾಸ ರಸ್ತೆಯಿಂದ ಒಳಗೆ ಹೋಗುವ ಗಲ್ಲಿಯೊಂದರಲ್ಲಿ ಆ ಸ್ಟೇಶನರಿ ಅಂಗಡಿ ಇತ್ತು. ಎಂ.ಎ. ಓದುವಾಗಿನಿಂದ ನನ್ನ ಹಾಳೆ, ಪೆನ್ನು, ಫೈಲು ಎಲ್ಲ ಅಲ್ಲಿಯವೇ. ಯಜಮಾನರನ್ನು ಎಲ್ಲರಂತೆ ನಾನೂ ಕಾಕಾ ಎನ್ನುತ್ತಿದ್ದೆ. ಅವರ ಮೊಣಕಾಲು ಸೋತಿತ್ತು, ಮಕ್ಕಳು ಪುಣೆಯಲ್ಲಿದ್ದರು. ಅಂಗಡಿಯಲ್ಲಿದ್ದ ಇನ್ನೊಬ್ಬನನ್ನು ಊರೆಲ್ಲ 'ಹುಡುಗ' ಎಂದೇ ಕರೆಯುತ್ತಿತ್ತು. ಅವನಿಗೆ ನಲವತ್ತು ದಾಟಿತ್ತು. ದಿನಾ ಹುಬ್ಬಳ್ಳಿಯಿಂದ ಚಿಗರಿ ಬಸ್ಸಿಗೆ ಬಂದು ರಾತ್ರಿ ಅದರಲ್ಲೇ ವಾಪಸ್ ಹೋಗುತ್ತಿದ್ದ.

ಮುಚ್ಚುವ ಅಂಗಡಿಯಲ್ಲಿ ಎಣಿಸುವುದೇಕೆ ಎಂದು ನಾನು ಕೇಳಿದ್ದೆ. ಕಾರಣ ಕಾಯ್ದೆಯಲ್ಲೇ ಇದೆ. ಕಾಕಾ ಶಾಲೆ, ಕಚೇರಿಗಳಿಗೆ ತೆರಿಗೆ ಬಿಲ್ಲು ಕೊಟ್ಟು ಮಾರುವವರು, ಹಾಗಾಗಿ ಜಿಎಸ್‌ಟಿ ನೋಂದಣಿ ಇತ್ತು. ಸರಕು ಕೊಂಡಾಗ ಕೊಟ್ಟ ತೆರಿಗೆ ಅವರ ಹೆಸರಿಗೆ ಜಮಾ ಆಗುತ್ತದೆ, ಮಾರಿದಾಗ ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳುತ್ತಾರೆ. ಮಾರದೇ ಉಳಿದ ಸರಕಿನ ಮೇಲೆ ಪಡೆದ ಜಮಾವನ್ನು ಮಾತ್ರ ನೋಂದಣಿ ರದ್ದಾಗುವಾಗ ತಿರುಗಿ ಕೊಡಬೇಕು. ಆ ಸರಕಿನ ಮೇಲೆ ಕಟ್ಟಬೇಕಾಗುವ ಮಾರಾಟ ತೆರಿಗೆ ಅದಕ್ಕಿಂತ ಹೆಚ್ಚಾದರೆ ಆ ಹೆಚ್ಚಿನದನ್ನು ಕೊಡಬೇಕು. ಕಾಯ್ದೆ ಕೇಳುವುದು ರದ್ದಾಗುವ ದಿನದ ಹಿಂದಿನ ದಿನ ಇದ್ದ ದಾಸ್ತಾನು. ಜಿಎಸ್‌ಟಿಆರ್-10 ಎಂಬ ಅಂತಿಮ ರಿಟರ್ನನ್ನು ಮೂರು ತಿಂಗಳೊಳಗೆ ಸಲ್ಲಿಸುವಾಗ ಅದರ ವಿವರ ಕೊಡಬೇಕು. ನಾನು ಭಾವುಕತೆಗೆಂದು ಆರಿಸಿಕೊಂಡಿದ್ದ ಕೊನೆಯ ರಾತ್ರಿ ಸರಕಾರಕ್ಕೂ ಬೇಕಾಗಿತ್ತು!

ವಾಪಸ್ ತಗೊಳ್ಳುವ ಸರಕನ್ನು ಏಜೆನ್ಸಿಯವರಿಗೆ ಕೊಟ್ಟಾಗಿತ್ತು. ಉಳಿದದ್ದನ್ನು ಎಣಿಸಲು ಸಂಜೆ ಏಳಕ್ಕೆ ಕೂತೆವು. ಕಾಕಾ ಎಣಿಸಿ ಗಟ್ಟಿಯಾಗಿ ಹೇಳುವುದು, ನಾನು ಬರೆಯುವುದು, ಎಣಿಸಿದ ಖಾನೆಗೆ ಹುಡುಗ ಸೀಮೆಸುಣ್ಣದಿಂದ ಗೆರೆ ಎಳೆಯುವುದು. ಹಳೆಯ ವಹಿಯನ್ನು ಕಾಕಾ ಗಲ್ಲಾದೊಳಗೆ ಹಾಕಿ ಮುಚ್ಚಿದರು. "ವಹಿ ನೋಡಕೋತ ಎಣಿಸಿದ್ರ ವಹ್ಯಾಗ ಇದ್ದದ್ದ ಕೈಗೆ ಬರ್ತದ ತಮ್ಮಾ," ಎಂದರು. ಹೊರಗಿನಿಂದ ತುಂಬಿದಂತೆ ಕಾಣುವ ಡಬ್ಬಿಗಳನ್ನೂ ಬಿಡದೆ ತೆಗೆದು ನೋಡುತ್ತಿದ್ದರು. ಕೆಲವದರಲ್ಲಿ ಮೇಲಿನ ಸಾಲು ಮಾತ್ರ ಇರುತ್ತಿತ್ತು.

ಒಂದು ಕಪಾಟು ಮುಗಿದ ಮೇಲೆ ವಹಿ ಹೊರಗೆ ಬರುತ್ತಿತ್ತು. ನೂರು ರೂಪಾಯಿ ದಾಟಿದ ಸಾಮಾನಿಗೆ ಮಾತ್ರ ಅದರಲ್ಲಿ ನಗದಿನ ಲೆಕ್ಕವಿತ್ತು. ವರ್ಷದ ಮೊದಲು ಇದ್ದದ್ದು, ಅದಕ್ಕೆ ಕೊಂಡದ್ದು ಕೂಡಿಸಿ, ಮಾರಿದ್ದು ಕಳೆದರೆ ಉಳಿಯಬೇಕಾದದ್ದು ಸಿಗುತ್ತದೆ. ಜಾಮೆಟ್ರಿ ಸ್ಟೆನ್ಸಿಲ್ ಹನ್ನೊಂದು ಕಡಿಮೆ ಬಂದವು. ಕಾಕಾ ನಕ್ಕು, "ಪೂರಾ ಡಜನ್ನಿನ ಡಬ್ಬಿ ಒಂದಂತ ಬರದೀಯೇನು ನೋಡು," ಎಂದರು. ಹಾಗೇ ಆಗಿತ್ತು. ಹನ್ನೆರಡರ ಜಾಗದಲ್ಲಿ ಒಂದು ಬರೆದರೆ ಹನ್ನೊಂದರ ಕೊರತೆ.

ಹನ್ನೊಂದರ ಹೊತ್ತಿಗೆ ಕಂಪಾಸ್ ಬಾಕ್ಸಿನ ಸರದಿ ಬಂತು. ಕಪಾಟಿನಲ್ಲಿ ಇದ್ದದ್ದು 9. ವಹಿಯಲ್ಲಿ ಆರಂಭದ ದಾಸ್ತಾನು 63, ಕೊಂಡದ್ದು ನಾಲ್ಕು ಡಜನ್ ಅಂದರೆ 48, ಮಾರಿದ್ದು 75. ಉಳಿಯಬೇಕಾದದ್ದು 36. ಇಪ್ಪತ್ತೇಳು ಬಾಕ್ಸು ಇಲ್ಲ. ಒಂದಕ್ಕೆ ಕೊಂಡ ಬೆಲೆ 110 ರೂಪಾಯಿ.

ಮೂವರೂ ಮತ್ತೊಮ್ಮೆ ಎಣಿಸಿದೆವು. ಒಂಬತ್ತೇ. ಖಾಲಿ ಡಬ್ಬಿ ಇರಲಿಲ್ಲ, ಹಿಂದೆ ಬಿದ್ದದ್ದೂ ಇರಲಿಲ್ಲ. ಆಗ ಕಾಕಾ ಹುಡುಗನ ಕಡೆ ನೋಡಲಿಲ್ಲ. ಅಷ್ಟು ಹೊತ್ತು ಮಾತಿಗೊಮ್ಮೆ ನೋಡುತ್ತಿದ್ದವರು ನೋಡದೇ ಇದ್ದದ್ದು ನಮ್ಮಿಬ್ಬರಿಗೂ ತಿಳಿಯಿತು. ಹುಡುಗ ಸೀಮೆಸುಣ್ಣವನ್ನು ಕೌಂಟರಿನ ಮೇಲಿಟ್ಟು ಸುಮ್ಮನೆ ನಿಂತ. ಕಳ್ಳ ಸಿಕ್ಕ ಎಂದು ನನ್ನೊಳಗಿನ ಕತೆಗಾರ ಒಂದು ಕ್ಷಣ ಖುಷಿಪಟ್ಟದ್ದನ್ನು ಇಲ್ಲಿ ಮುಚ್ಚಿಡಲಾರೆ.

ಸ್ವಲ್ಪ ಹೊತ್ತಾದ ಮೇಲೆ ಕಾಕಾ ಕೇಳಿದರು, "ಇಪ್ಪತ್ತೇಳಕ್ಕ ಒಂಬತ್ತರಿಂದ ಭಾಗ ಹೋಗತದೇನು?"

ಮೂರು ಸಲ ಹೋಗುತ್ತದೆ. ಬರೆಯುವಾಗ ಎರಡು ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರ ಮಗ್ಗಿಯಲ್ಲೇ ಇರುತ್ತದೆ. ಹತ್ತರ ಸ್ಥಾನದ್ದು ಒಂದರ ಸ್ಥಾನಕ್ಕೆ ಬಂದಾಗ ಆ ಅಂಕಿಯ ಒಂಬತ್ತು ಪಾಲು ಕಳೆದುಹೋಗುತ್ತದೆ, ಒಂದರದ್ದು ಹತ್ತಕ್ಕೆ ಏರಿದಾಗ ಒಂಬತ್ತು ಪಾಲು ಸೇರುತ್ತದೆ. ಮೂರು ಮತ್ತು ಆರು ಜಾಗ ಬದಲಿಸಿದರೆ ಅವುಗಳ ಅಂತರವಾದ ಮೂರರ ಒಂಬತ್ತರಷ್ಟು, ಅಂದರೆ 27. ಹಳೆಯ ಗುಮಾಸ್ತರೆಲ್ಲ ಬಲ್ಲ ಸೂತ್ರ ಇದು. ಆದರೆ ಇದೊಂದೇ ಪುರಾವೆಯಾಗುವುದಿಲ್ಲ. ಹತ್ತರ ಪ್ಯಾಕೆಟ್ಟನ್ನು ಒಂದೆಂದು ಎಣಿಸಿದರೂ ಒಂಬತ್ತರ ಕೊರತೆ ಬರುತ್ತದೆ, ಕದಿಯುವವನೂ ಇಪ್ಪತ್ತೇಳನ್ನೇ ಕದಿಯಬಹುದು. ಎಲ್ಲಿ ಹುಡುಕಬೇಕೆಂದು ಅದು ತೋರಿಸುತ್ತದೆ, ಅಷ್ಟೆ.

ಕಾಕಾ ಕಳೆದ ಮಾರ್ಚ್ 31ರ ದಾಸ್ತಾನಿನ ಹಾಳೆ ತೆಗೆದರು. ಕಂಪಾಸ್ ಬಾಕ್ಸಿನ ಸಾಲಿನಲ್ಲಿ ನಗ 63, ದರ 110, ಕಿಮ್ಮತ್ತು 3,960 ಎಂದಿತ್ತು. ಅರವತ್ತಮೂರಕ್ಕೆ ನೂರಾಹತ್ತರಂತೆ 6,930 ಆಗಬೇಕು. 3,960 ಆಗುವುದು ಮೂವತ್ತಾರಕ್ಕೆ. ಆ ರಾತ್ರಿ ಕಾಕಾ ಎಣಿಸಿ ಮೂವತ್ತಾರು ಎಂದಿದ್ದರು, ಬಾಯಿಲೆಕ್ಕದಲ್ಲೇ ಕಿಮ್ಮತ್ತನ್ನೂ ಹೇಳಿದ್ದರು. ಬರೆಯುವವನು ಕಿಮ್ಮತ್ತನ್ನು ಸರಿಯಾಗಿ ಬರೆದು ನಗವನ್ನು ತಿರುಗಿಸಿ ಬರೆದಿದ್ದ. ಹಾಳೆಯ ಕೆಳಗೆ ಕೂಡಿಸುವುದು ಕಿಮ್ಮತ್ತನ್ನು ಮಾತ್ರ. ಪೆನ್ನು, ರಬ್ಬರು, ಕಂಪಾಸ್ ಬಾಕ್ಸಿನ ನಗಗಳನ್ನು ಒಟ್ಟಿಗೆ ಕೂಡಿಸಿ ಯಾರಿಗೇನು ಉಪಯೋಗ? ಹಾಗಾಗಿ ಮೊತ್ತ ಸರಿಹೋಗಿತ್ತು, ತಪ್ಪು ಯಾರ ಕಣ್ಣಿಗೂ ಬೀಳದೆ ವಹಿಯ ಮೊದಲ ಸಾಲಾಗಿ ಕೂತಿತ್ತು. 36ಕ್ಕೆ 48 ಕೂಡಿಸಿ 75 ಕಳೆದರೆ ಸರಿಯಾಗಿ 9.

ಆ ಹಾಳೆಯ ಕೈಬರಹ ನನ್ನದು. ಆ ರಾತ್ರಿಯೂ ನಾನೇ ಬರೆಯಲು ಕೂತಿದ್ದೆ, ನಡುನಡುವೆ ಮೊಬೈಲು ನೋಡುತ್ತಿದ್ದೆ.

"ನಂದ ತಪ್ಪು, ಕಾಕಾ," ಎಂದೆ. ಹುಡುಗನಿಗೂ ಏನಾದರೂ ಹೇಳಬೇಕಿತ್ತು. "ಅಣ್ಣಾ" ಎನ್ನುವವರೆಗೆ ಬಂತು, ಮುಂದೆ ಬರಲಿಲ್ಲ. ಅವನು, "ಇರಲಿ ಬಿಡ್ರಿ ಸರ," ಎಂದ. ಅವನ ಕೊನೆಯ ಬಸ್ಸು ಅಷ್ಟರಲ್ಲಿ ಹೋಗಿಯಾಗಿತ್ತು.

ಕಾಕಾ ಯಾರ ಕ್ಷಮೆಯನ್ನೂ ಕೇಳಲಿಲ್ಲ. ಕನ್ನಡಕ ಒರೆಸಿಕೊಂಡರು. ಆಮೇಲೆ ನನ್ನ ಮುಂದಿದ್ದ ಹಾಳೆಗಳನ್ನೂ ಪೆನ್ನನ್ನೂ ತಮ್ಮ ಕಡೆ ಎಳೆದುಕೊಂಡು ಹುಡುಗನಿಗೆ ಹೇಳಿದರು: "ಇನ್ನ ನೀ ಎಣಿಸಿ ಹೇಳು, ನಾ ಬರೀತೀನಿ." ನಾನು ಸೀಮೆಸುಣ್ಣ ಎತ್ತಿಕೊಂಡೆ. ಉಳಿದ ಎರಡು ಕಪಾಟು ಮುಗಿಯುವವರೆಗೆ ಹುಡುಗ ಹೇಳಿದ ಒಂದು ಸಂಖ್ಯೆಯನ್ನೂ ಅವರು ತಾವೇ ಎಣಿಸಿ ನೋಡಲಿಲ್ಲ.

ಎರಡನೆಯ ಕರಡನ್ನು ಹರಿದು ಹಾಕಿದ್ದೇನೆ. ಮೂರನೆಯದರಲ್ಲಿ ಕಳ್ಳನಿಲ್ಲ, ಕಣ್ಣೀರಿಲ್ಲ. ಹಾಳೆ ನನ್ನ ಕೈಯಿಂದ ಕಾಕಾನ ಕೈಗೆ ಹೋಗುವಲ್ಲಿಗೆ ಬಂದು ನಿಂತಿದೆ. ಆಗ ಹುಡುಗನ ಮುಖ ಹೇಗಿತ್ತೆಂದು ಬರೆಯಬೇಕು. ನಾನು ಖಾನೆಗೆ ಗೆರೆ ಎಳೆಯುವ ನೆವದಲ್ಲಿ ಆ ಕಡೆ ತಿರುಗಿರಲೇ ಇಲ್ಲ.