ಹೊಸ ಟೀಮಿನ ಮುಂದೆ ನಮಗೆ ಸಿಗುವ ಒಂದು ನಿಮಿಷ

ಹೊಸ ಸುದ್ದಿ ಸಂಸ್ಥೆಗೆ ಸೇರಿದರೆ ಈಗ ನಾವು ಆಫೀಸಿನ ಮೆಟ್ಟಿಲು ಹತ್ತುವುದಿಲ್ಲ. ವಾಟ್ಸಾಪಿಗೆ ಒಂದು ಲಿಂಕ್ ಬರುತ್ತದೆ. ಬೆಂಗಳೂರಿನ ಡೆಸ್ಕು, ಬೇರೆ ಜಿಲ್ಲೆಗಳ ವರದಿಗಾರರು ಎಲ್ಲರೂ ಸಣ್ಣ ಸಣ್ಣ ಚೌಕಗಳಲ್ಲಿ ಕಾಣುತ್ತಾರೆ. 'ಒಬ್ಬೊಬ್ಬರಾಗಿ ಪರಿಚಯ ಮಾಡಿಕೊಳ್ಳಿ, ಒಂದೊಂದು ನಿಮಿಷ' ಅನ್ನುತ್ತಾರೆ. ಸಂಬಳದವರಿಗೆ ಇದು ಔಪಚಾರಿಕ ಮಾತು. ವರದಿಗಿಷ್ಟು ಎಂದು ದುಡ್ಡು ಪಡೆಯುವ ನಮ್ಮಂಥ ಸ್ಟ್ರಿಂಜರುಗಳಿಗೆ ಹಾಗಲ್ಲ. ಡೆಸ್ಕಿಗೆ ನೆನಪಿದ್ದವರಿಗೆ ಫೋನ್ ಬರುತ್ತದೆ, ಫೋನ್ ಬಂದವರಿಗೆ ಕೆಲಸ.

ಇಂಥ ಮೀಟಿಂಗುಗಳಲ್ಲಿ ನಾವು ಕಂಡಿರುವುದು ಒಂದೇ ಥರ. ಹೆಸರು, ಓದಿದ ಕಾಲೇಜು, ಇಷ್ಟು ವರ್ಷದ ಅನುಭವ, 'ಓದು, ಪ್ರವಾಸ ಇಷ್ಟ'. ಹತ್ತು ಜನ ಇದನ್ನೇ ಹೇಳಿದ ಮೇಲೆ ಹನ್ನೊಂದನೆಯವರದು ಯಾರಿಗೂ ನೆನಪಿರುವುದಿಲ್ಲ. ಡೆಸ್ಕಿನಲ್ಲಿ ಕೂತವರಿಗೆ ಬೇಕಾದದ್ದು ಬೇರೆ. ಈ ಮನುಷ್ಯ ಎಲ್ಲಿದ್ದಾನೆ, ಎಲ್ಲಿಗೆ ಎಷ್ಟು ಹೊತ್ತಿನಲ್ಲಿ ತಲುಪುತ್ತಾನೆ, ಯಾವ ಹೊತ್ತಿಗೆ ಫೋನಿಗೆ ಸಿಗುತ್ತಾನೆ?

ನಮ್ಮದನ್ನೇ ತೆಗೆದುಕೊಳ್ಳಿ. ಡೆಸ್ಕಿನವರ ತಲೆಯಲ್ಲಿ ಚಾಮರಾಜನಗರ ಅಂದರೆ ಒಂದು ಊರು. ನಾವಿರುವುದು ಕೊಳ್ಳೇಗಾಲದಲ್ಲಿ. ಇಲ್ಲಿಂದ ಮಹದೇಶ್ವರ ಬೆಟ್ಟಕ್ಕೆ ಸುಮಾರು 80 ಕಿ.ಮೀ., ಅದರಲ್ಲಿ ಒಂದಷ್ಟು ದೂರ ಕಾಡು, ತಿರುವು. ಗುಂಡ್ಲುಪೇಟೆ ಇನ್ನೊಂದು ದಿಕ್ಕಿಗೆ, ಅದೂ 70 ಕಿ.ಮೀ.ಗೆ ಕಡಿಮೆಯಿಲ್ಲ. ಅಲ್ಲಿಂದ ಕೇರಳದ ಕಡೆಗೆ ಹೋಗುವ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ಬಂದ್. ಇದು ಗೊತ್ತಿಲ್ಲದ ಡೆಸ್ಕು ರಾತ್ರಿ ಎಂಟಕ್ಕೆ ಫೋನ್ ಮಾಡಿ 'ಒಂದು ಗಂಟೆಯಲ್ಲಿ ಚೆಕ್‌ಪೋಸ್ಟಿನ ವಿಡಿಯೊ ಕಳಿಸಿ' ಅನ್ನುತ್ತದೆ. ಆಗಲ್ಲ ಅಂದರೆ 'ಈತ ಕೆಲಸಕ್ಕೆ ಬರಲ್ಲ' ಎಂಬ ಮಾತು. ಒಪ್ಪಿಕೊಂಡು ಹೊರಟರೆ ಆನೆ ಓಡಾಡುವ ದಾರಿಯಲ್ಲಿ ಒಂಟಿ ಬೈಕು.

ಅದಕ್ಕೇ ಕಳೆದ ಸಲ ಹೊಸ ಟೀಮಿನ ಮುಂದೆ ನಾವು ಹೇಳಿದ್ದು ಇಷ್ಟು:

'ನಮಸ್ಕಾರ, ಧ್ವನಿ ಕೇಳಿಸ್ತಿದೆಯಾ? ನಾವು ಕೊಳ್ಳೇಗಾಲದಲ್ಲಿರೋದು. ಕೊಳ್ಳೇಗಾಲ, ಯಳಂದೂರು, ಹನೂರು ನಮ್ಮ ಕೈಗೆ ಸಿಗೋ ಜಾಗ. ಬೆಟ್ಟಕ್ಕೆ ಹೋಗಿ ಬಂದು ವರದಿ ಕೊಡೋಕೆ ಒಂದು ದಿನ ಬೇಕು. ಗುಂಡ್ಲುಪೇಟೆಗೆ ಅಲ್ಲಿನವರನ್ನೇ ಕೇಳಿದ್ರೆ ಬೇಗ ಆಗುತ್ತೆ. ತಮಿಳು ಮಾತಾಡ್ತೀವಿ, ಗಡಿ ಕಡೆ ಹಳ್ಳಿಗಳಿಗೆ ಅದು ಬೇಕಾಗುತ್ತೆ. ಕಾಡಿನೊಳಗೆ ನೆಟ್‌ವರ್ಕ್ ಇರಲ್ಲ, ಮಾಮೂಲಿ ಕರೆ ಹೋಗದಿದ್ರೆ ಮೆಸೇಜ್ ಹಾಕಿ, ಹೊರಗೆ ಬಂದ ಕೂಡಲೇ ನೋಡ್ತೀವಿ. ನಮ್ಮ ಕಾಪಿ ನೋಡೋರು ಯಾರು ಅಂತ ತಿಳಿಸ್ತೀರಾ ಮೇಡಂ?'

ಮುಕ್ಕಾಲು ನಿಮಿಷ. ಎರಡು ವಿಷಯ ಗಮನಿಸಿ. ಮೊದಲ ಮಾತೇ ಹೆಸರಲ್ಲ. Mute ತೆಗೆದ ಕೂಡಲೇ ಹಳ್ಳಿಯ ನೆಟ್‌ವರ್ಕಿನಲ್ಲಿ ಮೊದಲ ಒಂದೆರಡು ಪದ ನುಂಗಿಹೋಗುತ್ತವೆ. ಹೆಸರನ್ನೇ ಮೊದಲು ಹೇಳಿದರೆ ಹೋಗುವುದು ಹೆಸರೇ. ಹೇಗೂ ಅದು ನಮ್ಮ ಚೌಕದ ಕೆಳಗೆ ಕಾಣುತ್ತದೆ, ಅಲ್ಲಿ ಸರಿಯಾಗಿದ್ದರೆ. ಜೂಮಿನಲ್ಲಿ ಕೆಲವರದು ಫೋನಿನ ಮಾಡೆಲ್ ಹೆಸರೇ ಬಂದಿರುತ್ತದೆ. Rename ಒತ್ತಿ ಹೆಸರಿನ ಮುಂದೆ ಊರನ್ನೂ ಸೇರಿಸಿದರೆ ಮೀಟಿಂಗ್ ಮುಗಿಯುವವರೆಗೂ ಊರು ಅವರ ಕಣ್ಣ ಮುಂದೆ ಇರುತ್ತದೆ. ಗೂಗಲ್ ಮೀಟಿನಲ್ಲಾದರೆ ಅಕೌಂಟಿನ ಹೆಸರೇ ಕಾಣುವುದರಿಂದ ಹಿಂದಿನ ದಿನವೇ ನೋಡಿಕೊಳ್ಳಬೇಕು.

ಎರಡನೆಯದು, ಕೊನೆಯ ಪ್ರಶ್ನೆ. ಪ್ರಶ್ನೆ ಕೇಳಿದರೆ ಯಾರಾದರೊಬ್ಬರು ಉತ್ತರಿಸಲೇಬೇಕು. ಅವತ್ತು ಉಪಸಂಪಾದಕಿಯೊಬ್ಬರು 'ನಾನೇ ನೋಡೋದು ಸರ್' ಅಂದರು, ನಂಬರ್ ಕೊಟ್ಟರು. ಎಲ್ಲರ ಸರದಿ ಮುಗಿದ ಮೇಲೆ ನಾವು ಚಾಟಿನಲ್ಲಿ ಹೆಸರು, ಮೂರು ತಾಲ್ಲೂಕು, ಫೋನ್ ನಂಬರ್ ಒಂದೇ ಸಾಲಿನಲ್ಲಿ ಹಾಕಿದೆವು. ಮೊದಲೇ ಹಾಕಿದರೆ ತಡವಾಗಿ ಸೇರಿದವರಿಗೆ ಅದು ಕಾಣದೆ ಹೋಗಬಹುದು. ದುಡ್ಡಿನ ಮಾತು ಮಾತ್ರ ಆ ಹೊತ್ತಿನದಲ್ಲ. ವರದಿಗೆಷ್ಟು, ಪೆಟ್ರೋಲ್ ಯಾರದು ಎಂಬುದನ್ನು ಆಮೇಲೆ ಒಬ್ಬರ ಹತ್ತಿರವೇ ಕೇಳಿ, ಮೆಸೇಜಿನಲ್ಲಿ ಬರೆಸಿಕೊಂಡೆವು.

ಪರಿಚಯ ನಾಟಿತೋ ಇಲ್ಲವೋ ಎಂಬುದು ಚಪ್ಪಾಳೆ ಇಮೋಜಿಯಿಂದ ತಿಳಿಯುವುದಿಲ್ಲ. ಮೊದಲ ವಾರದ ಫೋನುಗಳನ್ನು ನೋಡಿ. ಮತ್ತೆ ಗುಂಡ್ಲುಪೇಟೆಯ ಸುದ್ದಿಗೇ ನಮ್ಮನ್ನು ಕರೆದರೆ ನಾಟಿಲ್ಲ, ಆ ಸಾಲನ್ನು ಇನ್ನೊಮ್ಮೆ ಕಳಿಸಬೇಕು. ನಮಗೆ ಬಂದ ಎರಡನೇ ಕರೆ ಹೀಗಿತ್ತು: 'ಸರ್, ಹನೂರು ಕಡೆ ಜೋಳದ ಹೊಲಕ್ಕೆ ಆನೆ ನುಗ್ಗಿದೆಯಂತೆ. ಕತ್ತಲಾಗಿದೆ, ಈಗ ಹೋಗ್ಬೇಡಿ. ಫೋನಲ್ಲೇ ರೈತರನ್ನ ಮಾತಾಡಿಸಿ, ಬೆಳಿಗ್ಗೆ ಫೋಟೊ ಕೊಡಿ.'