ನಾಲ್ಕು ರೂಪಾಯಿ ಆಪ್ಷನ್ ಎಂತಕ್ಕೆ ಸೊನ್ನೆ ಆಗ್ತದೆ? (ಮಾಸ್ತಿಕಟ್ಟೆ ಕ್ಯಾಪ್ಷನ್ – 7)

ಮೊದಲನೇ ಫೋಟೋ ನೋಡಿ. ಕೆಂಪಕ್ಷರದಲ್ಲಿ 0.05 ಅಂತ ಕಾಣ್ತಾ ಇದೆಯಲ್ಲ, ಅದು ಐದು ಪೈಸೆ. ಅದಕ್ಕಿಂತ ಕಮ್ಮಿ ಬೆಲೆ ತೋರಿಸೋಕೆ ಆಗಲ್ಲ ಅಂತ ಅಲ್ಲಿ ನಿಂತಿದೆ ಅಷ್ಟೆ. ಮಂಗಳವಾರ ಮಧ್ಯಾಹ್ನ ಮೂರೂವರೆ ಆದಮೇಲೆ ಅದೂ ಇರಲಿಲ್ಲ. ನೆಟ್‌ವರ್ಕ್ ಸಿಗೋ ದಿಬ್ಬದ ಮೇಲೆ ಜಿಗಣೆ ಕಚ್ಚಿಸಿಕೊಂಡು ನಿಂತು ತೆಗೆದ ಸ್ಕ್ರೀನ್‌ಶಾಟ್ ಇದು.

ಕ್ಲಾಸಲ್ಲಿ ಕೆಲವರು ನನ್ನ ಹತ್ರ ಕೇಳ್ತಾ ಇದ್ರಿ, "ಏನೋ ಟ್ರೇಡಿಂಗ್ ಮಾಡ್ತೀಯಂತೆ, ನಮಗೂ ಹೇಳು" ಅಂತ. ಹೇಳ್ತೀನಿ. ನವೆಂಬರ್ 2025ರಿಂದ ಆರು ಮಂಗಳವಾರ, ಪ್ರತಿ ವಾರ ಎರಡು ಲಾಟ್ ತಗೊಂಡೆ. ಆರಕ್ಕೆ ಆರೂ ಸೊನ್ನೆ. ಹೋಗಿದ್ದು ಹೆಚ್ಚು ಕಮ್ಮಿ ನಾಲ್ಕು ಸಾವಿರ. ಹೋದ ವರ್ಷ ಅಡಿಕೆ ಸುಲಿದು ಕೂಡಿಟ್ಟು, ಪರೀಕ್ಷೆ ಫೀಸಿಗೆ ಅಂತ ಇಟ್ಟುಕೊಂಡಿದ್ದ ದುಡ್ಡು ಅದು.

ಗೊತ್ತಿಲ್ಲದವರಿಗೆ ಎರಡು ಸಾಲು. ಸ್ಕ್ರೀನ್ ಮೇಲೆ NIFTY 26000 CE ಅಂತ ಇದ್ದರೆ ಅದು ಕಾಲ್ ಆಪ್ಷನ್. ಎಕ್ಸ್‌ಪೈರಿ ದಿನ, ಅಂದರೆ ವಾರದ ಆಪ್ಷನ್ ಮುಗಿಯೋ ಮಂಗಳವಾರ, ನಿಫ್ಟಿ 26,000ದ ಮೇಲೆ ಎಷ್ಟು ಪಾಯಿಂಟ್ ಇರ್ತದೋ ಪ್ರತಿ ಪಾಯಿಂಟಿಗೆ ಒಂದು ರೂಪಾಯಿಯಂತೆ ನಿಮಗೆ ಸಿಗ್ತದೆ. ಕೆಳಗಿದ್ದರೆ ಏನೂ ಇಲ್ಲ. ಆ 26,000ಕ್ಕೆ ಸ್ಟ್ರೈಕ್ ಅಂತಾರೆ. ಈಗಿನ ನಿಫ್ಟಿಗಿಂತ ಸ್ಟ್ರೈಕ್ ತುಂಬಾ ದೂರ ಇದ್ದರೆ ಬೆಲೆ ಅಗ್ಗ. ನಾನು ತಗೊಳ್ತಾ ಇದ್ದಿದ್ದು ಮೂರು, ನಾಲ್ಕು, ಐದು ರೂಪಾಯಿಯವು. ಆಗ ಒಂದು ಲಾಟ್ ಅಂದರೆ 75, ಹಾಗಾಗಿ ಮುನ್ನೂರು ಚಿಲ್ಲರೆ ಆಗ್ತಿತ್ತು. ರೀಲ್ಸಲ್ಲಿ ಇದಕ್ಕೆ "ಹೀರೋ ಅಥವಾ ಝೀರೋ" ಅಂತ ಹೆಸರು. ಮುನ್ನೂರು ರೂಪಾಯಿ ಹೋದರೆ ಹೋಯ್ತು, ಬಂದರೆ ಮೂವತ್ತು ಸಾವಿರ ಅಂತ ನನ್ನ ತಲೇಲೂ ಕೂತಿತ್ತು.

ಶಿವಮೊಗ್ಗದಲ್ಲಿ ಲೆಕ್ಕದ ಪಾಠ ಮಾಡೋ ಚಿಕ್ಕಪ್ಪ ದೀಪ ಹಚ್ಚೋ ಹೊತ್ತಿಗೆ ಮನೆಗೆ ಬಂದಿದ್ದರು. ಮುಖ ನೋಡಿ ಕೇಳಿದರು, ಬಾಯಿಬಿಟ್ಟೆ. ಬೈಲಿಲ್ಲ. "ಒಂದು ಪುಸ್ತಕ ತಾ ಮಾರಾಯ, ನೀನು ಎಂತ ತಗೊಂಡಿದ್ದೀಯ ಅಂತ ನೋಡುವ" ಅಂದರು. ಎರಡನೇ ಫೋಟೋದಲ್ಲಿರೋದು ಅವರ ಅಕ್ಷರ.

ಲೆಕ್ಕ ಸುಲಭ ಆಗಲಿ ಅಂತ ನಿಫ್ಟಿ 25,000 ಅಂತ ಇಟ್ಟುಕೊಂಡರು, ಎಕ್ಸ್‌ಪೈರಿಗೆ ಐದು ಟ್ರೇಡಿಂಗ್ ದಿನ. ಇಂಡಿಯಾ ವಿಕ್ಸ್ ಅಂತ ಒಂದು ಸೂಚ್ಯಂಕ ಇದೆ. ಮಾರ್ಕೆಟ್ ಎಷ್ಟು ಅಲ್ಲಾಡಬಹುದು ಅಂತ ಆಪ್ಷನ್ ಬೆಲೆಗಳಿಂದಲೇ ತೆಗೆದ ಅಂದಾಜು ಅದು, ವರ್ಷದ ಲೆಕ್ಕದಲ್ಲಿ ಶೇಕಡಾವಾರು ಕೊಡ್ತಾರೆ. ವಾರಕ್ಕೆ ಬೇಕಾದರೆ 52ರ ವರ್ಗಮೂಲದಿಂದ, ಅಂದರೆ ಸುಮಾರು 7.2ರಿಂದ ಭಾಗಿಸಿ. ವಿಕ್ಸ್ 14.4 ಇದ್ದರೆ ವಾರಕ್ಕೆ 2 ಶೇಕಡಾ, ಅಂದರೆ 500 ಪಾಯಿಂಟ್. ಮೂರು ವಾರದಲ್ಲಿ ಹೆಚ್ಚು ಕಮ್ಮಿ ಎರಡು ವಾರ ನಿಫ್ಟಿ ಮೇಲೆ ಕೆಳಗೆ ಈ 500ರ ಒಳಗೇ ಇರ್ತದೆ ಅಂತ ಅರ್ಥ. 26,000 ಇರೋದು 1,000 ಪಾಯಿಂಟ್ ದೂರ, ಮಾಮೂಲಿ ಅಲ್ಲಾಟದ ಎರಡು ಪಟ್ಟು. ಗಂಟೆ ಆಕಾರದ ಗ್ರಾಫ್ ಪಿಯುಸಿಯಲ್ಲಿ ನೋಡಿದ್ದೀರಲ್ಲ, ಅದರ ಪ್ರಕಾರ ಎಕ್ಸ್‌ಪೈರಿ ಹೊತ್ತಿಗೆ ನಿಫ್ಟಿ ಅದರ ಮೇಲೆ ಇರೋ ಸಾಧ್ಯತೆ ಸುಮಾರು 2.3 ಶೇಕಡಾ. 44 ವಾರಕ್ಕೆ ಒಂದು ಸಲ.

ಆ ಆಪ್ಷನ್‌ಗೆ ನ್ಯಾಯವಾದ ಬೆಲೆ ಎಷ್ಟು ಅಂತ ಅದೇ ಗ್ರಾಫಲ್ಲಿ ತೆಗೆದರೆ 4 ರೂಪಾಯಿ 25 ಪೈಸೆ ಬಂತು. ನಾನು ಕೊಡ್ತಾ ಇದ್ದಿದ್ದೂ ಅಷ್ಟೇ! "ನೋಡಿ, ಮೋಸ ಇಲ್ಲ ಅಲ್ದಾ" ಅಂದೆ. ಮೋಸ ಇಲ್ಲ, ಅಗ್ಗವೂ ಅಲ್ಲ ಅಂದರು. 44 ವಾರ ತಗೊಂಡರೆ ಲಾಟಿಗೆ 319ರಂತೆ ಒಟ್ಟು 14,000 ಕೊಡ್ತೀಯ. ಒಂದು ವಾರ ಗೆದ್ದಾಗ ಸರಾಸರಿ ಸಿಗೋದೂ ಸುಮಾರು 14,000 ಮಾತ್ರ. ನಾನು ಅಂದುಕೊಂಡಿದ್ದ ಮೂವತ್ತು ಸಾವಿರ ಬರಬೇಕಾದರೆ ನಿಫ್ಟಿ 26,000 ಮುಟ್ಟಿದರೆ ಸಾಲದು, ಅಲ್ಲಿಂದ ಇನ್ನೂ 400 ಪಾಯಿಂಟ್ ಹೋಗಬೇಕು. ಇದರ ಮೇಲೆ ಬ್ರೋಕರೇಜ್. ಒಂದು ಆರ್ಡರಿಗೆ 20 ರೂಪಾಯಿ, ಜಿಎಸ್‌ಟಿ ಸೇರಿ 23.60. ಮುನ್ನೂರು ರೂಪಾಯಿ ಸಾಮಾನಿಗೆ ಇದು ಏಳು ಶೇಕಡಾಕ್ಕಿಂತ ಜಾಸ್ತಿ. ಐವತ್ತು ಸಾವಿರದ ಆರ್ಡರಿಗೂ ಅಷ್ಟೇ 20 ರೂಪಾಯಿ ಅನ್ನೋದು ಗಮನಿಸಿ. ನಮ್ಮಂಥ ಸಣ್ಣ ಗಿರಾಕಿಗೇ ಭಾರ.

ಇನ್ನೊಂದು ವಿಷಯ ನನಗೆ ನಿಜಕ್ಕೂ ತಲೆ ಕೆಡಿಸಿತು. ಮಾರೋರು 500 ಅಂತ ಅಂದಾಜು ಹಾಕಿ ಬೆಲೆ ಇಟ್ಟರು, ಆದರೆ ಮಾರ್ಕೆಟ್ ನಿಜವಾಗಿ ಅಲ್ಲಾಡೋದು 450 ಅಂತ ಇಟ್ಟುಕೊಳ್ಳಿ. ಹತ್ತು ಶೇಕಡಾ ವ್ಯತ್ಯಾಸ, ಏನು ಮಹಾ ಅನ್ನಿಸ್ತದೆ. ಮತ್ತೆ ಲೆಕ್ಕ ಹಾಕಿದರೆ ಆಪ್ಷನ್ ಬೆಲೆ 4.25ರಿಂದ 2.06ಕ್ಕೆ ಬಂತು! ಗೆಲ್ಲೋ ಸಾಧ್ಯತೆ 44ಕ್ಕೆ ಒಂದು ಇದ್ದಿದ್ದು 76ಕ್ಕೆ ಒಂದು ಆಯ್ತು. ಹತ್ತಿರದ ಸ್ಟ್ರೈಕ್ ಆಗಿದ್ದರೆ ಇದೇ ಹತ್ತು ಶೇಕಡಾ ತಪ್ಪಿಗೆ ಬೆಲೆಯೂ ಹತ್ತು ಶೇಕಡಾ ಮಾತ್ರ ಇಳೀತಿತ್ತು. ದೂರದ್ದರಲ್ಲಿ ಅರ್ಧ ಹೋಗ್ತದೆ. ಅಂದಾಜಲ್ಲಿ ಚೂರು ಜಾಸ್ತಿ ಹಾಕಿದರೂ ಕೊಳ್ಳೋನು ಎರಡು ಪಟ್ಟು ಕೊಟ್ಟ ಹಾಗೆ.

ಮಾರೋನು ಎಂತಕ್ಕೆ ಜಾಸ್ತಿ ಹಾಕ್ತಾನೆ? ಅವನ ಕಡೆಯಿಂದ ನೋಡಿ. ಸಿಗೋದು ಲಾಟಿಗೆ 319. ಅಕಸ್ಮಾತ್ ನಿಫ್ಟಿ ಹಾರಿದರೆ ಅವನ ನಷ್ಟಕ್ಕೆ ಮಿತಿಯೇ ಇಲ್ಲ, ಜೊತೆಗೆ ಒಂದು ಲಾಟ್ ಮಾರೋಕೆ ಲಕ್ಷದ ಲೆಕ್ಕದಲ್ಲಿ ಮಾರ್ಜಿನ್ ಇಡಬೇಕು. ಅದಕ್ಕೆ ತಕ್ಕ ಹಾಗೆ ಚೂರು ಮೇಲೆ ಕೇಳ್ತಾನೆ. ಈ ಕಡೆ ನಾನು ವಿಕ್ಸ್ ನೋಡದೆ "ನಾಲ್ಕೇ ರೂಪಾಯಿ" ಅಂತ ತಗೊಳ್ತೀನಿ. ನನ್ನ ಹಾಗೆ ಎಷ್ಟು ಜನ ಇದ್ದಾರೋ!

ಆರರಲ್ಲಿ ಒಂದು ವಾರ ನನ್ನ ಅಂದಾಜು ಸರಿಯಾಗಿತ್ತು, ನಿಫ್ಟಿ ಏರಿತ್ತು. ಆದರೂ ನನ್ನ ಆಪ್ಷನ್ ಕೆಳಗೆ ಹೋಯ್ತು. ಆ್ಯಪ್ ಕೆಟ್ಟಿದೆ ಅಂತ ಮೂರು ಸಲ ರಿಫ್ರೆಶ್ ಮಾಡಿದ್ದೆ. ಚಿಕ್ಕಪ್ಪ ಅದನ್ನೂ ಅದೇ ಅಂಕಿಗಳಲ್ಲಿ ಹಾಕಿ ತೋರಿಸಿದರು. ಎರಡು ದಿನದಲ್ಲಿ ನಿಫ್ಟಿ 200 ಏರಿತು, ಈಗ ಇನ್ನು 800 ಬೇಕು. ಆದರೆ ಉಳಿದಿರೋದು ಮೂರೇ ದಿನ, ಮೂರು ದಿನದ ಮಾಮೂಲಿ ಅಲ್ಲಾಟ 500 ಅಲ್ಲ, 387. ಲೆಕ್ಕದ ಬೆಲೆ 4.25ರಿಂದ 2.75ಕ್ಕೆ. ದಿಕ್ಕು ಸರಿ, 200 ಪಾಯಿಂಟ್ ನನ್ನ ಕಡೆಗೇ ಬಂದಿದೆ, ಆದರೂ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋಯ್ತು.

ನಮ್ಮೂರ ಲೆಕ್ಕದಲ್ಲಿ ಹೇಳ್ತೀನಿ. ಮಳೆಗಾಲದಲ್ಲಿ ಮಾಣಿ ಡ್ಯಾಮಿನ ನೀರು ಏರ್ತದೆ ಅಂತ ಹೇಳೋಕೆ ಜ್ಯೋತಿಷಿ ಬೇಡ. ಆದರೆ "ಮುಂದಿನ ಮಂಗಳವಾರದೊಳಗೆ ಇಪ್ಪತ್ತು ಅಡಿ ಏರ್ತದೆ" ಅಂತ ಬೆಟ್ ಕಟ್ಟಿದರೆ? ಹುಲಿಕಲ್ ಕಡೆ ಎರಡು ದಿನ ಚೆನ್ನಾಗಿ ಹೊಯ್ದು ನಾಲ್ಕು ಅಡಿ ಬಂತು ಅಂತಿಟ್ಟುಕೊಳ್ಳಿ. ಮಳೆ ಬಂದಿದ್ದು ನಿಜ, ನಿಮ್ಮ ಬೆಟ್ ಮಾತ್ರ ಮೊದಲಿಗಿಂತ ಕಷ್ಟದಲ್ಲಿದೆ. ದಿನ ಕಮ್ಮಿ ಆದ ವೇಗಕ್ಕೆ ನೀರು ಬರಲಿಲ್ಲ.

"ಹಾಗಾದರೆ ಯಾರೂ ದುಡ್ಡು ಮಾಡೋದೇ ಇಲ್ವಾ?" ಅಂತ ನೀವು ಕೇಳ್ತೀರಿ ಅಂತ ಗೊತ್ತು, ನಾನೂ ಕೇಳಿದೆ. ಮಾಡ್ತಾರೆ. ನಿಜವಾದ ಮಾರ್ಕೆಟ್ ಗಂಟೆ ಗ್ರಾಫಿಗಿಂತ ಒರಟು, ದೊಡ್ಡ ಕುಸಿತ ಗ್ರಾಫ್ ಹೇಳೋದಕ್ಕಿಂತ ಜಾಸ್ತಿ ಸಲ ಬರ್ತದೆ. ಆದರೆ ಅಂಥ ದಿನ ಬಂದಾಗಲೂ ಏನಾಗ್ತದೆ ಅಂತ ಜೂನ್ 2024ರ ಕಥೆ ನೋಡಿ.

ಲೋಕಸಭೆ ಫಲಿತಾಂಶದ ಹಿಂದಿನ ದಿನ, ಜೂನ್ 3, ನಿಫ್ಟಿ ಮುಗಿದಿದ್ದು 23,263.90ಕ್ಕೆ. ಯಾರೋ ಒಬ್ಬರು 22,000ದ ಪುಟ್ ತಗೊಂಡಿದ್ದರು ಅಂತಿಟ್ಟುಕೊಳ್ಳಿ. ಪುಟ್ ಅಂದರೆ ಕಾಲ್‌ನ ಉಲ್ಟಾ, ನಿಫ್ಟಿ ಸ್ಟ್ರೈಕಿಗಿಂತ ಕೆಳಗೆ ಹೋದಷ್ಟು ಲಾಭ. ಅದು 1,264 ಪಾಯಿಂಟ್ ದೂರ ಇತ್ತು. ಎಕ್ಸ್‌ಪೈರಿ ಆಗ ಗುರುವಾರ, ಜೂನ್ 6. ಜೂನ್ 4ರಂದು ಮಾರ್ಕೆಟ್ ಕುಸೀತು. ದಿನದ ಮಧ್ಯೆ 21,281ಕ್ಕೆ ಹೋಗಿ 21,884.50ಕ್ಕೆ ನಿಂತಿತು, ಸುಮಾರು 6 ಶೇಕಡಾ, ಕೋವಿಡ್ ಶುರುವಿನ ಆ ಮಾರ್ಚ್ ಆದಮೇಲೆ ಒಂದೇ ದಿನದ ಅತಿ ದೊಡ್ಡ ಕುಸಿತ. ದೂರದ ಪುಟ್ ಕೊಂಡವರ ಕನಸಿನ ದಿನ ಅದು. ಅವತ್ತು ಮಾರಿದವರಿಗೆ ಸಿಕ್ಕಿತು. "ಇನ್ನೂ ಇಳೀತದೆ" ಅಂತ ಇಟ್ಟುಕೊಂಡವರಿಗೆ? ಜೂನ್ 5ಕ್ಕೆ ನಿಫ್ಟಿ 22,620, ಜೂನ್ 6ಕ್ಕೆ 22,821.40. 22,000ದ ಪುಟ್ ಎಕ್ಸ್‌ಪೈರಿಯಲ್ಲಿ ಸೊನ್ನೆ. ನಾಲ್ಕು ವರ್ಷಕ್ಕೊಮ್ಮೆ ಬರೋ ದಿನ, ಅದೇ ವಾರದಲ್ಲಿ ಬಂದು, ಸ್ಟ್ರೈಕ್ ದಾಟಿ ಹೋದರೂ ಕೊನೆಗೆ ಸೊನ್ನೆ. ಗೆಲ್ಲೋಕೆ ದಿಕ್ಕು, ದೂರ, ದಿನ ಮೂರೂ ಒಟ್ಟಿಗೆ ಸರಿ ಬರಬೇಕು, ಮೇಲಿಂದ ಯಾವ ಗಂಟೆಗೆ ಮಾರಬೇಕು ಅನ್ನೋದೂ ಗೊತ್ತಿರಬೇಕು.

ಒಂದು ಮಾತು ಸೇರಿಸಬೇಕು. ಷೇರು ಇಟ್ಟುಕೊಂಡಿರೋರು ದೂರದ ಪುಟ್ ಕೊಳ್ಳೋದು ಬೇರೆ ವಿಷಯ. ಅವರಿಗೆ ಅದು ಗಾಡಿ ಇನ್ಶೂರೆನ್ಸ್ ಇದ್ದ ಹಾಗೆ, ಸೊನ್ನೆ ಆದರೆ ಅವರ ಷೇರು ಉಳೀತು ಅಂತ ಅರ್ಥ. ನನ್ನ ಹತ್ರ ಇನ್ಶೂರೆನ್ಸ್ ಇತ್ತು, ಗಾಡಿ ಇರಲಿಲ್ಲ.

ಸೆಬಿ ಸೆಪ್ಟೆಂಬರ್ 2024ರಲ್ಲಿ ಒಂದು ವರದಿ ಬಿಟ್ಟಿತ್ತು. ಅದು ಬರೀ ದೂರದ ಆಪ್ಷನ್ ಬಗ್ಗೆ ಅಲ್ಲ, ಷೇರು ಮಾರ್ಕೆಟ್ಟಿನ ಫ್ಯೂಚರ್ಸ್, ಆಪ್ಷನ್ಸ್ ಎಲ್ಲ ಸೇರಿ. 2021-22ರಿಂದ ಮೂರು ವರ್ಷದಲ್ಲಿ ಒಂದು ಕೋಟಿಗೂ ಜಾಸ್ತಿ ಸಾಮಾನ್ಯ ಜನ ಆಡಿದ್ದಾರೆ, ನೂರಕ್ಕೆ 93 ಜನ ಕಳೆದುಕೊಂಡಿದ್ದಾರೆ, ಸರಾಸರಿ ಒಬ್ಬರಿಗೆ ಸುಮಾರು ಎರಡು ಲಕ್ಷ. ನಾಲ್ಕು ಸಾವಿರಕ್ಕೆ ನಿಂತ ನಾನು ಅದರಲ್ಲಿ ಸಣ್ಣ ಮೀನು.

ನೀವು ಕೇಳಿದ "ಟಿಪ್" ನನ್ನ ಹತ್ರ ಇರೋದು ಇಷ್ಟೇ: ವಿಕ್ಸ್ ನೋಡಿ, 7.2ರಿಂದ ಭಾಗಿಸಿ, ಬಂದ ಶೇಕಡಾವನ್ನು ನಿಫ್ಟಿಗೆ ಹಾಕಿ. ರೀಲ್ಸಲ್ಲಿ ಹೇಳಿದ ಸ್ಟ್ರೈಕ್ ಅದರ ಎಷ್ಟು ಪಟ್ಟು ದೂರ ಇದೆ ಅಂತ ಬರೆದುಕೊಳ್ಳಿ. ಮಂಗಳವಾರ ಸಂಜೆ ಅದೇ ಹಾಳೆ ತೆಗೆದು ನೋಡಿ. ದುಡ್ಡು ಹಾಕದೆಯೂ ಈ ಆಟ ಆಡಬಹುದು, ನಾನು ಈಗ ಹಾಗೇ ಆಡ್ತಾ ಇದ್ದೀನಿ.

ಫೀಸು ಚಿಕ್ಕಪ್ಪ ಕಟ್ಟಿದರು. ಅಮ್ಮನಿಗೆ ಇನ್ನೂ ಗೊತ್ತಿಲ್ಲ, ಅಮ್ಮ ಈ ಆ್ಯಪಲ್ಲಿ ಇಲ್ಲ ಅನ್ನೋದೊಂದು ಧೈರ್ಯ. ಸಾಲ ತೀರಿಸೋಕೆ ರಾತ್ರಿ ಊಟ ಆದಮೇಲೆ ಪಕ್ಕದ ಮನೆ ಚಪ್ಪರದಲ್ಲಿ ಅಡಿಕೆ ಸುಲಿಯೋಕೆ ಕೂರ್ತೀನಿ. ಕೊನೇ ಫೋಟೋದಲ್ಲಿರೋ ಮೆಟ್ಟುಗತ್ತಿ ನಂದೇ.